ಒಂದಕ್ಷರವೂ ಬರೆಯದೆ ಫಾರ್ವರ್ಡ್ ಮಾಡಿದ ಮೇಲ್: ಅವರಿಗೆ ಬೇಕಿರುವುದೇನು?

ಸಬ್ಜೆಕ್ಟ್ ಲೈನ್‌ನಲ್ಲಿ `Fwd:` ಅಥವಾ `FW:` ಎಂದಿದೆ. ತೆರೆದರೆ ಮೇಲ್ಗಡೆ ಖಾಲಿ, ಕೆಳಗೆ ನಾಲ್ಕೈದು ಜನರ ಹಳೆಯ ಪತ್ರವ್ಯವಹಾರ ಉದ್ದಕ್ಕೆ ಇಳಿದಿದೆ. ಕಳಿಸಿದವರು ನಿಮ್ಮ ಮ್ಯಾನೇಜರ್. ಇಂಥ ಮೇಲ್ ಬಂದಾಗ ಕೆಲವರು ‘ನನ್ನ ಮಾಹಿತಿಗೆ ಕಳಿಸಿರಬೇಕು’ ಎಂದುಕೊಂಡು ಸುಮ್ಮನಾಗುತ್ತಾರೆ. ಕೆಲವರು ‘ಏನು ಮಾಡ್ಬೇಕು ಸರ್?’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಉತ್ಸಾಹಿಗಳು ನೇರವಾಗಿ ಹೊರಗಿನ ಗ್ರಾಹಕರಿಗೇ ಉತ್ತರ ಬರೆದುಬಿಡುತ್ತಾರೆ. ಮೊದಲನೆಯವರೂ ಕೊನೆಯವರೂ ಮಾಡುತ್ತಿರುವುದು ಕಳಿಸಿದವರ ಮನಸ್ಸಿನ ಊಹೆ, ನಡುವಿನವರು ಹೊರೆಯನ್ನು ವಾಪಸು ಅವರ ಮೇಲೇ ಹಾಕುತ್ತಿದ್ದಾರೆ. ಅದರ ಬದಲು ಕೆಳಗಿನ ಮೇಲ್‌ಗಳ ಸರಣಿಯನ್ನೇ ಸರಿಯಾಗಿ ಓದಿದರೆ ಉತ್ತರ ಹೆಚ್ಚಿನ ಸಲ ಅಲ್ಲೇ ಸಿಗುತ್ತದೆ.

ಓದುವ ಮೊದಲು ಒಂದು ಸಣ್ಣ ತಪಾಸಣೆ. ಟಿಪ್ಪಣಿ ನಿಜಕ್ಕೂ ಇಲ್ಲವೇ? ಎಷ್ಟೋ ಮೇಲ್ ಆ್ಯಪ್‌ಗಳು ಹಳೆಯ ಪಠ್ಯವನ್ನು ಮೂರು ಚುಕ್ಕಿಗಳ ಹಿಂದೆ ಮಡಚಿಡುತ್ತವೆ. ಕಳಿಸಿದವರು ನಡುವಿನ ಯಾವುದೋ ಪ್ಯಾರಾದ ಕೆಳಗೆ ಬೇರೆ ಬಣ್ಣದಲ್ಲಿ ಎರಡು ಪದ ಬರೆದಿರಬಹುದು, ಒಂದು ಸಾಲಿಗೆ ಹಳದಿ ಬಳಿದಿರಬಹುದು, ಸಬ್ಜೆಕ್ಟ್ ಲೈನನ್ನೇ ತಿದ್ದಿರಬಹುದು. ಬೆಳಿಗ್ಗೆ ಫೋನಿನಲ್ಲೋ ಮೀಟಿಂಗಿನಲ್ಲೋ ‘ಒಂದು ಮೇಲ್ ಕಳಿಸ್ತೀನಿ ನೋಡಿ’ ಎಂದದ್ದು ಇದೇ ಇರಬಹುದು. ಹಾಗಿದ್ದರೆ ಟಿಪ್ಪಣಿ ಬಾಯಲ್ಲಿ ಆಗಲೇ ಬಂದಿದೆ. ಇದ್ಯಾವುದೂ ಇಲ್ಲವೆಂದಾದರೆ ಮುಂದಿನ ಕೆಲಸ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ನೀವು ಗೋದಾಮಿನ ಉಸ್ತುವಾರಿ. ತಿಂಗಳ 7ರ ಸಂಜೆ 6:40ಕ್ಕೆ ಕಾರ್ಯಾಚರಣೆಯ ಮ್ಯಾನೇಜರ್ ಒಂದು ಸರಣಿ ಫಾರ್ವರ್ಡ್ ಮಾಡಿದ್ದಾರೆ. ಟು ಜಾಗದಲ್ಲಿ ನೀವೊಬ್ಬರೇ, ಸಿಸಿಯಲ್ಲಿ ಮಾರಾಟ ವಿಭಾಗದವರು. ಸರಣಿಯನ್ನು ತಳದಿಂದ ಮೇಲಕ್ಕೆ ಓದಬೇಕು, ಏಕೆಂದರೆ ಹಳೆಯದು ಕೆಳಗಿರುತ್ತದೆ. ತಳದಲ್ಲಿ 3ನೇ ತಾರೀಖಿನ ಗ್ರಾಹಕರ ಮೇಲ್: ‘40 ಪಂಪುಗಳಿಗೆ ಆರ್ಡರ್ ಕೊಟ್ಟಿದ್ದೆವು, 36 ಬಂದಿವೆ, ಬಿಲ್ ಮಾತ್ರ 40ಕ್ಕೆ ಆಗಿದೆ. ನಮ್ಮ ರಸೀದಿ ಲಗತ್ತಿಸಿದೆ.’ ಅದರ ಮೇಲೆ ಅದೇ ದಿನ ಮಾರಾಟದವರ ಉತ್ತರ: ‘ಪರಿಶೀಲಿಸಿ ತಿಳಿಸುತ್ತೇವೆ.’ 6ರಂದು ಗ್ರಾಹಕರು ಮತ್ತೆ: ‘ಏನಾಯಿತು? 10ಕ್ಕೆ ನಮ್ಮ ಲೆಕ್ಕ ಮುಗಿಯುತ್ತದೆ. ಅಷ್ಟರೊಳಗೆ ಉಳಿದ ನಾಲ್ಕನ್ನು ಕಳಿಸಿ, ಇಲ್ಲವೇ ಬಿಲ್ ಸರಿಪಡಿಸಿ.’ 7ರ ಬೆಳಿಗ್ಗೆ 11ಕ್ಕೆ ಮಾರಾಟದವರು ಅದನ್ನು ಮ್ಯಾನೇಜರ್‌ಗೆ ಕಳಿಸುತ್ತ ಬರೆದದ್ದು: ‘ಸರ್, ಇವರಿಗೆ ಏನು ಹೇಳಲಿ? ಇವರದ್ದು ಯಾವಾಗಲೂ ಇದೇ ಗೋಳು.’ ಆ ಬಳಿಕ ಮ್ಯಾನೇಜರ್ ಅವರ ಮೌನದ ಫಾರ್ವರ್ಡ್.

ಈಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಸರಣಿಯಲ್ಲಿ ಉತ್ತರ ಸಿಗದೆ ಉಳಿದ ಕೊನೆಯ ಪ್ರಶ್ನೆ ಯಾವುದು, ಅದನ್ನು ಕೇಳಿದ್ದು ಯಾರನ್ನು? ‘ಇವರಿಗೆ ಏನು ಹೇಳಲಿ?’ ಎಂಬುದೇ ಅದು, ಕೇಳಿದ್ದು ಮ್ಯಾನೇಜರ್‌ರನ್ನು. ಎರಡನೆಯದು: ಅವರು ತಾವೇ ಉತ್ತರಿಸಿ ಮುಗಿಸಬಹುದಿತ್ತಲ್ಲ, ಯಾಕೆ ಮುಗಿಸಲಿಲ್ಲ? ಅವರ ಬಳಿ ಇಲ್ಲದ ಯಾವುದೋ ಒಂದು ನಿಮ್ಮ ಬಳಿ ಇದೆ. ಅದು ಒಂದು ಮಾಹಿತಿ ಇರಬಹುದು, ಒಂದು ಅಧಿಕಾರ ಇರಬಹುದು, ಅಥವಾ ಮಾಡಬೇಕಾದ ಕೆಲಸವೇ ನಿಮ್ಮದಿರಬಹುದು. ಇಲ್ಲಿ ಬಿಲ್ ತಿದ್ದುವ ಅಧಿಕಾರ ಗೋದಾಮಿಗಿಲ್ಲ, ಅದು ಲೆಕ್ಕಪತ್ರ ವಿಭಾಗದ್ದು. ಗ್ರಾಹಕರಿಗೆ ಉತ್ತರಿಸುವುದು ಮಾರಾಟದವರ ಕೆಲಸ. ನಿಮಗಷ್ಟೇ ಗೊತ್ತಿರುವುದು ಒಂದೇ: ಆ ನಾಲ್ಕು ಪಂಪು ಗೇಟ್ ದಾಟಿದವೇ ಇಲ್ಲವೇ. ದಾಟಿದ್ದರೆ ದಾರಿಯಲ್ಲೋ ಗ್ರಾಹಕರ ಕಡೆಯೋ ಕಳೆದಿವೆ, ಇಲ್ಲದಿದ್ದರೆ ನಮ್ಮ ಬಿಲ್ಲೇ ತಪ್ಪು. ಉತ್ತರ ಯಾವುದು ಎಂಬುದರ ಮೇಲೆ ಮ್ಯಾನೇಜರ್ ಗ್ರಾಹಕರೊಂದಿಗೆ ಮಾತಾಡುವ ಧಾಟಿಯೇ ಬದಲಾಗುತ್ತದೆ. ಹಾಗಾಗಿ ಖಾಲಿ ಫಾರ್ವರ್ಡಿನ ಅರ್ಥ ‘ನೀನೇ ನಿಭಾಯಿಸು’ ಎಂದಲ್ಲ, ‘ನಿನ್ನ ಕಡೆಯ ಸತ್ಯ ಏನು ಹೇಳು’ ಎಂದು.

ವಿಳಾಸದ ಸಾಲು ಈ ಓದನ್ನು ಗಟ್ಟಿ ಮಾಡುತ್ತದೆ, ಇಲ್ಲವೇ ಬದಲಿಸುತ್ತದೆ. ಮಾರಾಟದವರನ್ನು ಸಿಸಿಯಲ್ಲಿ ಇಟ್ಟಿರುವುದರಿಂದ, ನಿಮ್ಮ ಉತ್ತರ ಅವರಿಗೂ ತಲುಪಲಿ ಎಂಬುದು ಸ್ಪಷ್ಟ. ಅವರನ್ನು ಬಿಟ್ಟು ನಿಮಗೊಬ್ಬರಿಗೇ ಕಳಿಸಿದ್ದರೆ, ಮ್ಯಾನೇಜರ್ ಮೊದಲು ಒಳಗಿನ ವಿಷಯ ತಾವು ತಿಳಿಯಬೇಕೆಂದಿದ್ದಾರೆ, ಆಗ ಉತ್ತರವೂ ಅವರೊಬ್ಬರಿಗೇ ಹೋಗಲಿ. ಮ್ಯಾನೇಜರ್ ನಿಮಗೆ ಫಾರ್ವರ್ಡ್ ಮಾಡುವ ಬದಲು ಗ್ರಾಹಕರ ಮೇಲ್‌ಗೆ ‘ರಿಪ್ಲೈ ಆಲ್’ ಕೊಟ್ಟು ನಿಮ್ಮನ್ನು ಸೇರಿಸಿದ್ದರೆ ಕಥೆಯೇ ಬೇರೆ: ಗ್ರಾಹಕರ ಕಣ್ಣೆದುರೇ ನಿಮ್ಮನ್ನು ತಂದು ನಿಲ್ಲಿಸಿದ್ದಾರೆ, ಅಲ್ಲಿ ನೀವೇ ಉತ್ತರಿಸಬೇಕೆಂಬ ನಿರೀಕ್ಷೆ ಇರುತ್ತದೆ. ಇನ್ನು ಟು ಜಾಗದಲ್ಲಿ ಎಂಟು ಜನರಿದ್ದರೆ ಪ್ರತಿಯೊಬ್ಬರೂ ಉಳಿದ ಏಳು ಜನ ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾರೆ. ಅಂಥಲ್ಲಿ ‘ಸಾಗಣೆಯ ಭಾಗ ನಾನು ನೋಡುತ್ತೇನೆ, ಬಿಲ್ಲಿನ ಭಾಗ ಲೆಕ್ಕಪತ್ರದವರು ತಿಳಿಸಲಿ’ ಎಂಬ ಒಂದು ಸಾಲು ಎಲ್ಲರಿಗೂ ಉಪಕಾರ.

ಸಮಯಕ್ಕೆ ಹೆಚ್ಚು ಅರ್ಥ ಹಚ್ಚುವವರಿದ್ದಾರೆ. ಬೆಳಿಗ್ಗೆ 11ಕ್ಕೆ ಬಂದದ್ದನ್ನು ಸಂಜೆ 6:40ಕ್ಕೆ ಕಳಿಸಿದರೆ ಅವರಿಗೆ ಸಿಟ್ಟು ಬಂದಿದೆ ಎಂದೇನಿಲ್ಲ, ದಿನವಿಡೀ ಮೀಟಿಂಗಿನಲ್ಲಿ ಕೂತಿದ್ದಿರಬಹುದು. ಕಾರಿನಲ್ಲಿ ಕೂತು ಫೋನಿನಿಂದ ಕಳಿಸುವವರು ಟಿಪ್ಪಣಿ ಬರೆಯದಿರುವುದು ಸಹಜವೇ. ನಿಮಗೆ ಮುಖ್ಯವಾದ ಗಡಿಯಾರ ಸರಣಿಯ ಒಳಗಿದೆ. ಗ್ರಾಹಕರು 10 ಎಂದಿದ್ದಾರೆ, ಅಂದರೆ ಕೈಯಲ್ಲಿರುವುದು ಮೂರು ದಿನ. ಅದರಲ್ಲಿ ಸಾಗಣೆಗೆ ಒಂದು ದಿನ ತೆಗೆದರೆ ಪಂಪುಗಳು 9ರ ಬೆಳಿಗ್ಗೆ ಹೊರಡಬೇಕು, ಗಾಡಿ ಹೇಳಲು 8ರ ಮಧ್ಯಾಹ್ನದೊಳಗೆ ತೀರ್ಮಾನ ಆಗಲೇಬೇಕು.

ಉತ್ತರಿಸುವ ಮುನ್ನ ಮತ್ತೆರಡು ವಿಷಯ. ನಿಮ್ಮೆದುರಿನ ಸರಣಿ ಒಂದು ಕೊಂಬೆ ಮಾತ್ರ. 6ರ ಮೇಲ್‌ಗೆ ಲೆಕ್ಕಪತ್ರದವರು ಪ್ರತ್ಯೇಕವಾಗಿ ಉತ್ತರಿಸಿದ್ದರೆ ಅದು ಈ ಫಾರ್ವರ್ಡಿನಲ್ಲಿ ಕಾಣುವುದಿಲ್ಲ. ಸಬ್ಜೆಕ್ಟಿನ ಪದಗಳನ್ನೂ ಆರ್ಡರ್ ಸಂಖ್ಯೆಯನ್ನೂ ಹಾಕಿ ನಿಮ್ಮ ಇನ್‌ಬಾಕ್ಸ್‌ನಲ್ಲಿ ಒಮ್ಮೆ ಹುಡುಕಿ. ಎರಡನೆಯದು ಲಗತ್ತು. ಗ್ರಾಹಕರ ರಸೀದಿ ‘ಲಗತ್ತಿಸಿದೆ’ ಎಂದಿದ್ದರೂ ನಿಮಗೆ ಬಂದಿರಲಿಕ್ಕಿಲ್ಲ. ಫಾರ್ವರ್ಡ್ ಮಾಡಿದಾಗ ಆ ಮೇಲಿನ ಲಗತ್ತು ಜೊತೆಗೆ ಬರುತ್ತದೆ, ಆದರೆ ನಡುವೆ ಯಾರಾದರೂ ರಿಪ್ಲೈ ಕೊಟ್ಟಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಅದು ಕಳಚಿಹೋಗಿರುತ್ತದೆ. ಇಲ್ಲಿ 3ರಂದೇ ಮಾರಾಟದವರು ರಿಪ್ಲೈ ಕೊಟ್ಟಿದ್ದಾರೆ, ಹಾಗಾಗಿ ರಸೀದಿ ಅವರ ಬಳಿಯೇ ಉಳಿದಿದೆ. ಬೇಕಿದ್ದರೆ ಅವರನ್ನೇ ಕೇಳಬೇಕು, ಮ್ಯಾನೇಜರ್‌ರನ್ನಲ್ಲ.

ಡೆಲಿವರಿ ಚಲನ್ ತೆಗೆದು ನೋಡಿದಿರಿ. ಲಾರಿಗೆ ಏರಿದ್ದು 36. ನಾಲ್ಕನ್ನು ಸೋರಿಕೆ ಪರೀಕ್ಷೆಗೆಂದು ತಡೆಹಿಡಿದಿದ್ದರು. ಬಿಲ್ ತಯಾರಿಸಿದವರು ಚಲನ್ ನೋಡದೆ ಆರ್ಡರ್ ನೋಡಿ 40 ಬರೆದಿದ್ದಾರೆ. ಈಗ ಮ್ಯಾನೇಜರ್‌ಗೆ ಹೋಗಬೇಕಾದ ಮೇಲ್ ಹೀಗಿರಬಹುದು:

“ಸರ್, ಗೇಟ್ ದಾಟಿದ್ದು 36 ಮಾತ್ರ, ಸಹಿಯಾದ ಚಲನ್ ಲಗತ್ತಿಸಿದ್ದೇನೆ. ಉಳಿದ 4 ಪರೀಕ್ಷೆಗಾಗಿ ನಮ್ಮಲ್ಲೇ ಇದ್ದವು, ಇವತ್ತು ಪಾಸಾಗಿವೆ. ಗ್ರಾಹಕರ ಲೆಕ್ಕ 10ಕ್ಕೆ ಮುಗಿಯುವುದರಿಂದ ಎರಡು ದಾರಿ ಇದೆ: 9ರ ಬೆಳಿಗ್ಗೆ ನಾಲ್ಕನ್ನೂ ಕಳಿಸುವುದು, ಅಥವಾ ಲೆಕ್ಕಪತ್ರದವರಿಂದ ನಾಲ್ಕಕ್ಕೆ ಕ್ರೆಡಿಟ್ ನೋಟ್ ಕೊಡಿಸುವುದು. ಕಳಿಸುವುದಾದರೆ ನಾಳೆ ಮಧ್ಯಾಹ್ನ 12ರೊಳಗೆ ತಿಳಿಸಿ, ಗಾಡಿ ಹೇಳಬೇಕು. ನಾಲ್ಕನ್ನೂ ಪ್ಯಾಕ್ ಮಾಡಿಸಿ ಬೇರೆ ಇಟ್ಟಿದ್ದೇನೆ. ಗ್ರಾಹಕರಿಗೆ ನಾನು ಏನೂ ಬರೆದಿಲ್ಲ.”

ಇದರಲ್ಲಿ ‘ಏನು ಮಾಡಬೇಕು?’ ಎಂಬ ಪ್ರಶ್ನೆಯೇ ಇಲ್ಲ. ಆದರೂ, ನಿಮ್ಮ ಓದು ತಪ್ಪಿದ್ದರೆ ತಿದ್ದಲು ಮ್ಯಾನೇಜರ್‌ಗೆ ಎಲ್ಲ ಅವಕಾಶವೂ ಇದೆ. ಪ್ಯಾಕ್ ಮಾಡಿಸಿದ್ದು ವಾಪಸು ಬಿಚ್ಚಬಹುದಾದ ಕೆಲಸ, ಹಾಗಾಗಿ ಅದನ್ನು ಕೇಳದೆ ಮಾಡಿದ್ದು ಸರಿ. ಗಾಡಿ ಕಳಿಸುವುದು, ಕ್ರೆಡಿಟ್ ನೋಟ್, ಗ್ರಾಹಕರಿಗೆ ಮಾತು ಕೊಡುವುದು ವಾಪಸು ತೆಗೆಯಲಾಗದ ಕೆಲಸಗಳು, ಅವನ್ನು ಅವರಿಗೇ ಬಿಟ್ಟಿದ್ದೀರಿ. ಕೊನೆಯ ಸಾಲು ಅನಗತ್ಯ ಎನಿಸಬಹುದು, ಆದರೆ ಮಾರಾಟದವರಿಗೆ ಅದು ಬಹಳ ಬೇಕು. ಇಲ್ಲದಿದ್ದರೆ ‘ಗೋದಾಮಿನವರು ಹೇಳಿರಬೇಕು’ ಎಂದುಕೊಂಡು ಅವರೂ ಸುಮ್ಮನಿರುತ್ತಾರೆ, ಗ್ರಾಹಕರು 10ರಂದು ಮತ್ತೆ ಬರೆಯುತ್ತಾರೆ.

ಸರಣಿಯನ್ನು ಎಷ್ಟು ಓದಿದರೂ ನಿಮ್ಮ ಪಾಲಿನ ಪ್ರಶ್ನೆ ಸಿಗದಿದ್ದರೆ? ನಿಮ್ಮ ವಿಭಾಗದ ಹೆಸರಿಲ್ಲ, ತೆರೆದ ಪ್ರಶ್ನೆ ಇಲ್ಲ, ಕೊನೆಯ ಮೇಲ್ ‘ಧನ್ಯವಾದ, ವಿಷಯ ಮುಗಿಯಿತು’ ಎನ್ನುತ್ತಿದೆ. ಆಗ ಅದು ಮಾಹಿತಿಗೇ ಬಂದಿರುವುದು ಹೆಚ್ಚು ಸಂಭವ. ಆಗಲೂ ಒಂದು ಸಾಲು ಬರೆಯಿರಿ: ‘ಓದಿದೆ ಸರ್, ನನ್ನ ಕಡೆಯಿಂದ ಮಾಡುವುದೇನೂ ಇಲ್ಲ ಎಂದು ತಿಳಿದಿದ್ದೇನೆ.’ ಬರಿಯ ‘ಓದಿದೆ’ ಎಂದರೆ ಕಳಿಸಿದವರು ‘ಕೆಲಸ ಶುರುವಾಗಿದೆ’ ಎಂದು ಓದಿಕೊಳ್ಳಬಹುದು. ವಾರ ಕಳೆದ ಮೇಲೆ ‘ನಿಮಗೆ ಕಳಿಸಿದ್ದೆನಲ್ಲ’ ಎಂಬ ಮಾತು ಬಂದಾಗ ಫಾರ್ವರ್ಡ್ ಆದ ದಿನಾಂಕ ಅವರ ಪರವಾಗಿರುತ್ತದೆ, ನಿಮ್ಮ ಮೌನ ನಿಮ್ಮ ಪರವಾಗಿರುವುದಿಲ್ಲ. ಹೀಗೆ ಜವಾಬ್ದಾರಿ ದಾಟಿಸಲೆಂದೇ ಖಾಲಿ ಫಾರ್ವರ್ಡ್ ಮಾಡುವವರೂ ಇದ್ದಾರೆ. ನನ್ನ ಅಂದಾಜಿನಲ್ಲಿ ಅವರು ಕಡಿಮೆ, ಅವಸರದವರೇ ಜಾಸ್ತಿ.

ಮ್ಯಾನೇಜರ್ ‘ಸರಿ, ಕಳಿಸಿ. ಗ್ರಾಹಕರಿಗೂ ನೀವೇ ಒಂದು ಮಾತು ತಿಳಿಸಿ’ ಎಂದರೆ ಆ ಸರಣಿಯಲ್ಲೇ ರಿಪ್ಲೈ ಒತ್ತಿ ಗ್ರಾಹಕರ ವಿಳಾಸ ಸೇರಿಸಬೇಡಿ. ಕೆಳಗೆ ‘ಇವರದ್ದು ಯಾವಾಗಲೂ ಇದೇ ಗೋಳು’ ಎಂಬ ಸಾಲು ಹಾಗೇ ಕೂತಿದೆ, ಅದೂ ಜೊತೆಗೆ ಹೋಗುತ್ತದೆ. ಮೂರು ಚುಕ್ಕಿಯ ಹಿಂದೆ ಮಡಚಿಕೊಂಡಿದ್ದರೆ ಬರೆಯುವಾಗ ನಿಮಗದು ಕಾಣುವುದೂ ಇಲ್ಲ. ಮಾರಾಟದವರ ಬಳಿ ಗ್ರಾಹಕರ 6ನೇ ತಾರೀಖಿನ ಮೂಲ ಮೇಲ್ ಇದೆ. ಆ ಮೇಲ್‌ಗೆ ಅವರು ನಿಮ್ಮನ್ನು ಸಿಸಿಯಲ್ಲಿಟ್ಟು ಒಂದು ಸಾಲು ಉತ್ತರಿಸಿದರೆ, ನೀವು ಅಲ್ಲಿಂದ ಸಾಗಣೆಯ ವಿವರ ಬರೆಯಬಹುದು. ಅವರು ಕೈಗೆ ಸಿಗದಿದ್ದರೆ ಹೊಸ ಮೇಲ್ ತೆರೆದು, ಸಬ್ಜೆಕ್ಟಿನಲ್ಲಿ ಆರ್ಡರ್ ಸಂಖ್ಯೆ ಹಾಕಿ, ನಾಲ್ಕು ಪಂಪು ಯಾವ ದಿನ ಹೊರಡುತ್ತವೆ ಎಂಬುದಷ್ಟನ್ನು ಬರೆದು ಕಳಿಸಿ.