ಪಿಎಸ್‌ಯು ಬಿಟ್ಟು ಸರ್ಕಾರಿ ಇಲಾಖೆ ಸೇರಿದರೆ ಹಳೆಯ 12 ವರ್ಷ ಎಲ್ಲಿ ಹೋಗುತ್ತದೆ?

ಪ್ರಶ್ನೆ: ನನಗೀಗ 40 ವರ್ಷ. ಕೇಂದ್ರದ ಸಾರ್ವಜನಿಕ ಉದ್ದಿಮೆಯೊಂದರಲ್ಲಿ 12 ವರ್ಷ ಕೆಲಸ ಮಾಡಿದ್ದೇನೆ, ಪಿಎಫ್ ಇದೆ. ಈಗ ಡೆಪ್ಯುಟೇಷನ್ ಮೇಲೆ ಕೇಂದ್ರ ಸರ್ಕಾರದ ಇಲಾಖೆಯಲ್ಲಿದ್ದು, ಅಲ್ಲೇ ಕಾಯಂ ಆಗುವ ಅವಕಾಶ ಬಂದಿದೆ. ಹಳೆಯ ಸೇವೆಗೆ ಅನುಪಾತದ ಪಿಂಚಣಿ ಸಿಗುತ್ತದಾ?

ಉತ್ತರ: ಸರ್ಕಾರದಿಂದ ಸಿಗುವುದಿಲ್ಲ. ನೀವು ಕೇಳಿರುವ ‘ಪ್ರೊ-ರೇಟಾ ಪಿಂಚಣಿ’ ಉಲ್ಟಾ ದಿಕ್ಕಿನದು. ಹಳೆಯ ಪಿಂಚಣಿ ಯೋಜನೆಯಲ್ಲಿದ್ದ ಸರ್ಕಾರಿ ನೌಕರ ಪಿಎಸ್‌ಯುಗೆ ಕಾಯಂ ಆಗಿ ಹೋದರೆ, ಅಲ್ಲಿಯವರೆಗಿನ ಸೇವೆಗೆ ಸರ್ಕಾರ ಪಿಂಚಣಿ ಕೊಡುತ್ತದೆ. ನೀವು ಬರುತ್ತಿರುವುದು ಪಿಎಫ್ ಕಡೆಯಿಂದ. ಆ 12 ವರ್ಷದ ಹಣ ಸರ್ಕಾರದ ಪಿಂಚಣಿ ಖಾತೆಗೆ ಬಂದೇ ಇಲ್ಲ, ಹಾಗಾಗಿ ಲೆಕ್ಕಕ್ಕೂ ಬರುವುದಿಲ್ಲ.

ಡೆಪ್ಯುಟೇಷನ್‌ನಲ್ಲಿ ಕಳೆದ ವರ್ಷಗಳೂ ಅಷ್ಟೇ. ಆಗ ನೀವಿನ್ನೂ ಪಿಎಸ್‌ಯು ನೌಕರರೇ, ಪಿಎಫ್ ಅಲ್ಲೇ ಕಟ್ಟಿರುತ್ತದೆ. ಪಿಂಚಣಿಗೆ ಸರ್ಕಾರಿ ಸೇವೆ ಶುರುವಾಗುವುದು ಕಾಯಂ ಆದೇಶದಲ್ಲಿ ಬರೆದ ದಿನದಿಂದ. ಇಲಾಖೆಗೆ ಕಾಲಿಟ್ಟ ದಿನದಿಂದ ಅಲ್ಲ. ಜನ ಎಡವುವುದು ಜಾಸ್ತಿ ಇಲ್ಲೇ.

ಇದರ ಪರಿಣಾಮ ರೂಪಾಯಿಯಲ್ಲಿ ನೋಡಿ. 1-4-2025ರಿಂದ ಕೇಂದ್ರ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆ, ಅಂದರೆ ಯುಪಿಎಸ್, ಆಯ್ಕೆಗಿದೆ. 25 ವರ್ಷ ಸೇವೆಯಾದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ. ಕಡಿಮೆಯಾದರೆ ಅನುಪಾತದಲ್ಲಿ ಇಳಿಯುತ್ತದೆ. ನಿಮಗೆ 60ರವರೆಗೆ ಸಿಗುವುದು 20 ವರ್ಷ. ಆ ಸರಾಸರಿ 1,20,000 ರೂ. ಎಂದುಕೊಳ್ಳಿ. ಅರ್ಧ 60,000, ಅದರ 25ರಲ್ಲಿ 20 ಪಾಲು 48,000 ರೂ. ಪಿಎಸ್‌ಯುನ 5 ವರ್ಷ ಸೇರಿದ್ದರೂ ಸಾಕಿತ್ತು, ಪೂರ್ತಿ 60,000 ಬರುತ್ತಿತ್ತು. ಹೊಟ್ಟೆ ಉರಿಯುವ ಲೆಕ್ಕವೇ, ಅಲ್ವಾ? ಹೊಸದಾಗಿ ಸೇರಿದವರು ಯುಪಿಎಸ್ ಬೇಕೆಂದರೆ 30 ದಿನದೊಳಗೆ ಬರೆದುಕೊಡಬೇಕು. ಸುಮ್ನೆ ಕೂತರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್‌ನಲ್ಲೇ ಇರುತ್ತೀರಿ.

ಹಾಗಂತ 12 ವರ್ಷ ನೀರಿಗೆ ಹೋಗಿಲ್ಲ. ನಿಮ್ಮ ನಿಜವಾದ ಅನುಪಾತದ ಪಿಂಚಣಿ ಇರುವುದು ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95ರಲ್ಲಿ. ಅಲ್ಲಿ 10 ವರ್ಷ ದಾಟಿದವರಿಗೆ 58ಕ್ಕೆ ಪಿಂಚಣಿ. ಸಂಬಳದ ಮಿತಿ 15,000 ರೂ., ಅದನ್ನು 12 ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 2,571 ರೂ. ದೊಡ್ಡ ಮೊತ್ತವಲ್ಲ, ನಿಜ. ಆದರೆ ನೀವು ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ, 58 ತುಂಬಿದ ಮೇಲೆ, ಬರುತ್ತದೆ. 50ರಿಂದಲೂ ತೆಗೆದುಕೊಳ್ಳಬಹುದು. ಆದರೆ 58ಕ್ಕಿಂತ ಮುಂಚಿನ ಪ್ರತಿ ವರ್ಷಕ್ಕೆ 4% ಕಡಿತ.

ಇದಕ್ಕಾಗಿ ಪಿಎಸ್‌ಯು ಬಿಟ್ಟ ತಕ್ಷಣ ಫಾರಂ 10ಸಿ ತುಂಬಿ ಸ್ಕೀಮ್ ಸರ್ಟಿಫಿಕೇಟ್ ತೆಗೆಸಿಕೊಳ್ಳಿ. ಪಿಎಸ್‌ಯುನ ಗ್ರಾಚ್ಯುಟಿ ಬೇರೆ, ಅದನ್ನು ಬಿಡುವಾಗಲೇ ಕೇಳಿ ಪಡೆಯಿರಿ. ಪಿಎಫ್ ಮೊತ್ತವನ್ನು ಹಿಂತೆಗೆಯದೆ ಎನ್‌ಪಿಎಸ್‌ಗೆ ವರ್ಗಾಯಿಸಲೂ ಅವಕಾಶವಿದೆ, ಆದರೆ ಇಪಿಎಸ್ ಪಾಲು ಅದರ ಜೊತೆ ಹೋಗುವುದಿಲ್ಲ.