ಎರಡು ಕಡೆ ಸಂಪರ್ಕ, ಹಾಡು ಒಂದೇ ಕಡೆಯಿಂದ

ಬ್ಲೂಟೂತ್ 5 ಇದ್ದರೆ ಇಯರ್‌ಬಡ್ಸ್ ತಾನಾಗಿಯೇ ಎರಡು ಸಾಧನಗಳಿಗೆ ಸೇರಿಕೊಳ್ಳುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಹೀಗೆ ಒಟ್ಟಿಗೆ ಎರಡು ಕಡೆ ಸೇರುವ ಮಲ್ಟಿಪಾಯಿಂಟ್ ಎಂಬ ಸೌಲಭ್ಯ ಬಡ್ಸ್ ತಯಾರಿಸಿದವರು ಅದರ ಸಾಫ್ಟ್‌ವೇರ್‌ನಲ್ಲಿ ಕೊಟ್ಟಿದ್ದರೆ ಮಾತ್ರ ಇರುತ್ತದೆ. ಫೋನ್‌ಗಾಗಲಿ ಲ್ಯಾಪ್‌ಟಾಪ್‌ಗಾಗಲಿ ಇನ್ನೊಂದು ಸಾಧನ ಇರುವುದೇ ತಿಳಿದಿರುವುದಿಲ್ಲ. ಕಷ್ಟದ ಕೆಲಸವೆಲ್ಲ ಬಡ್ಸ್‌ದೇ.

ಆ ಕೆಲಸ ನೋಡಿದರೆ ನನಗೆ ನಿಜಕ್ಕೂ ಬೆರಗು. ಬ್ಲೂಟೂತ್ ಸೆಕೆಂಡಿಗೆ 1600 ಸಲದವರೆಗೂ ರೇಡಿಯೊ ಚಾನೆಲ್ ಬದಲಿಸುತ್ತದೆ. ಯಾವಾಗ ಯಾವ ಚಾನೆಲ್‌ಗೆ ಹಾರಬೇಕು ಎಂಬ ಕ್ರಮವನ್ನು ಸಾಮಾನ್ಯವಾಗಿ ಫೋನ್ ನಿರ್ಧರಿಸುತ್ತದೆ. ಲ್ಯಾಪ್‌ಟಾಪ್‌ನ ಕ್ರಮವೇ ಬೇರೆ. ಒಬ್ಬರೇ ಮೃದಂಗದವರು ಎರಡು ಕಚೇರಿಗಳ ತಾಳವನ್ನು ಒಟ್ಟಿಗೆ ಲೆಕ್ಕದಲ್ಲಿಟ್ಟುಕೊಂಡು, ಅಲ್ಲಿ ಸ್ವಲ್ಪ ಇಲ್ಲಿ ಸ್ವಲ್ಪ ನುಡಿಸಿದ ಹಾಗೆ ಬಡ್ಸ್ ಎರಡೂ ಕ್ರಮಗಳನ್ನು ಹಿಡಿದಿರುತ್ತದೆ. ಸ್ವಲ್ಪ ಹಾಡನ್ನು ಮೊದಲೇ ತುಂಬಿಸಿಟ್ಟುಕೊಳ್ಳುವುದರಿಂದ ನಡುವಿನ ಗೈರುಹಾಜರಿ ನಮಗೆ ಕೇಳಿಸುವುದಿಲ್ಲ. ಹೀಗೆ ಚಾನೆಲ್ ಹಾರುವ ಉಪಾಯ ಹಳೆಯದು. 1942ರಲ್ಲೇ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಇದೇ ಬಗೆಯ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಶತ್ರುಗಳು ಟಾರ್ಪಿಡೊದ ರೇಡಿಯೊ ಸಂಕೇತವನ್ನು ಕೆಡಿಸಬಾರದು ಎಂಬುದು ಅವರ ಯೋಚನೆ.

ಜೋಡಿಸುವುದು ಸುಲಭ. ಬಡ್ಸ್‌ನ ಆ್ಯಪ್‌ನಲ್ಲಿ ಮಲ್ಟಿಪಾಯಿಂಟ್ ಆನ್ ಮಾಡಿ. ಫೋನ್‌ಗೆ ಪೇರ್ ಮಾಡಿ. ಮತ್ತೆ ಪೇರಿಂಗ್ ಮೋಡ್‌ಗೆ ಹಾಕಿ, ಲ್ಯಾಪ್‌ಟಾಪ್‌ಗೂ ಪೇರ್ ಮಾಡಿ. ಅಷ್ಟರಲ್ಲಿ ಫೋನ್ ಸಂಪರ್ಕ ತಪ್ಪಿದ್ದರೆ ಅದರ ಬ್ಲೂಟೂತ್ ಪಟ್ಟಿಯಲ್ಲಿ ಬಡ್ಸ್‌ನ ಹೆಸರು ಒತ್ತಿದರೆ ಸಾಕು.

ಗೊಂದಲ ಶುರುವಾಗುವುದು ಆಮೇಲೆ. ಸಂಪರ್ಕ ಎರಡಿದ್ದರೂ ಸಾಮಾನ್ಯವಾಗಿ ಕೇಳಿಸುವುದು ಒಂದೇ ಕಡೆಯ ಹಾಡು. ಲ್ಯಾಪ್‌ಟಾಪ್‌ನಲ್ಲಿ ಪಾಠದ ವಿಡಿಯೊ ಓಡುತ್ತಿದೆ ಎಂದುಕೊಳ್ಳಿ. ಫೋನ್‌ಗೆ ಕರೆ ಬಂದರೆ ಬಡ್ಸ್ ಕರೆಗೇ ಮೊದಲ ಜಾಗ ಕೊಡುತ್ತದೆ. ಆದರೆ ಫೋನ್‌ನಲ್ಲಿ ಹಾಡು ಹಾಕಿದರೆ ಬಹಳಷ್ಟು ಮಾಡೆಲ್‌ಗಳು ಕದಲುವುದಿಲ್ಲ. ಹಾಡಿನ ಸಮಯ ಮುಂದೆ ಹೋಗುತ್ತಿರುತ್ತದೆ, ದನಿ ಮಾತ್ರ ಇಲ್ಲ. ಲ್ಯಾಪ್‌ಟಾಪ್ ಇನ್ನೂ ದಾರಿ ಬಿಟ್ಟುಕೊಟ್ಟಿಲ್ಲ ಎಂಬುದಕ್ಕೆ ಇದೇ ಗುರುತು. ಮೊದಲು ವಿಡಿಯೊ ನಿಲ್ಲಿಸಿ, ಒಂದೆರಡು ಸೆಕೆಂಡ್ ಬಿಟ್ಟು ಹಾಡು ಹಾಕಿ. ಆಗಲೂ ಬರದಿದ್ದರೆ ಬ್ರೌಸರ್‌ನ ಆ ಟ್ಯಾಬ್ ಮುಚ್ಚಿ. ಕೆಲವು ಪುಟಗಳು ದನಿ ಇಲ್ಲದಿದ್ದರೂ ಆಡಿಯೊ ಕಳಿಸುತ್ತಲೇ ಇರುತ್ತವೆ. ಫೋನ್‌ನ ಹಾಡು ಆಗಾಗ ಸುಮ್ನೆ ತುಂಡಾಗುತ್ತಿದ್ದರೆ, ಲ್ಯಾಪ್‌ಟಾಪ್‌ನ ನೋಟಿಫಿಕೇಶನ್ ಸದ್ದು ನಡುವೆ ನುಗ್ಗುತ್ತಿರಬಹುದು. ಅದನ್ನು ಆಫ್ ಮಾಡಿ ನೋಡಿ.

ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದ ಕೂಡಲೇ ದನಿ ಹಳೇ ಟೆಲಿಫೋನಿನಂತೆ ಆಗುವುದೂ ಇದೆ, ಅಲ್ವಾ? ಅದು ಮಲ್ಟಿಪಾಯಿಂಟ್‌ನ ತಪ್ಪಲ್ಲ. ಬಡ್ಸ್‌ನ ಮೈಕ್ ತೆರೆದಾಗ ಹಾಡಿನ ಸ್ಟೀರಿಯೊ ದಾರಿ ಮುಚ್ಚಿ, ಕರೆಯ ಕಿರಿದಾದ ದಾರಿ ತೆರೆಯುತ್ತದೆ. ಮೀಟಿಂಗ್ ಆ್ಯಪ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪ್‌ನದನ್ನೇ ಆರಿಸಿ, ಸ್ಪೀಕರ್ ಆಗಿ ಬಡ್ಸ್ ಇಟ್ಟುಕೊಂಡರೆ ಸಾಮಾನ್ಯವಾಗಿ ಸ್ಟೀರಿಯೊ ಹಾಗೇ ಉಳಿಯುತ್ತದೆ.