ಟೊಮೆಟೊ ತಳ ಕಪ್ಪಾದಾಗ: ಗ್ರೋ ಬ್ಯಾಗ್ ತೂಗಿ ಬರೆದ ಟಿಪ್ಪಣಿ

ಪುಣೆಯ ಕೋಥ್ರೂಡಿನಲ್ಲಿ ನಮ್ಮ ಕಟ್ಟಡದ ಗಚ್ಚಿಯ ಮೇಲೆ ನನ್ನವು ಆರು ಟೊಮೆಟೊ ಗಿಡಗಳಿವೆ. ಟೆರೇಸಿಗೆ ಇಲ್ಲಿ ಎಲ್ಲರೂ ಗಚ್ಚಿ ಅಂತಾರೆ. ಗಿಡಗಳೆಲ್ಲ 9 ಇಂಚಿನ ಗ್ರೋ ಬ್ಯಾಗಿನಲ್ಲಿವೆ. ಮಾರ್ಚ್ 10ಕ್ಕೆ ಮೊದಲ ಗೊಂಚಲಿನ ಕಾಯಿ ತಿರುಗಿಸಿ ನೋಡಿದೆ. ತಳದಲ್ಲಿ ಎಂಟಾಣೆ ಅಗಲದ ಕಂದು ಕಲೆ. ಮೇಲೆ ತೊಟ್ಟಿನ ಕಡೆ ಕಾಯಿ ಚೆನ್ನಾಗಿ ಹಸಿರಾಗಿಯೇ ಇತ್ತು. ನಾಲ್ಕು ದಿನದಲ್ಲಿ ಆ ಕಲೆ ಕಪ್ಪಾಗಿ, ಚಪ್ಪಟೆಯಾಗಿ, ಹಳೆ ಚಪ್ಪಲಿಯ ಚರ್ಮದಂತೆ ಒಣಗಿತು. ಮುಟ್ಟಿದರೆ ಲೋಳೆ ಇಲ್ಲ, ವಾಸನೆಯೂ ಇಲ್ಲ.

ಇದೇ ಬ್ಲಾಸಮ್ ಎಂಡ್ ರಾಟ್, ಅಂದರೆ ತುದಿ ಕೊಳೆ. ಹೂವು ಅಂಟಿಕೊಂಡಿದ್ದ ತುದಿಯಲ್ಲೇ ಶುರುವಾಗುವುದು ಇದರ ಗುರುತು. ಬಿಸಿಲಿಗೆ ಸುಟ್ಟ ಕಲೆಯಾದರೆ ಬಿಸಿಲು ಬೀಳುವ ಪಕ್ಕದಲ್ಲಿ ಬೆಳ್ಳಗೆ ಕಾಣುತ್ತದೆ. ಹುಳ ಹೊಕ್ಕಿದ್ದರೆ ತೂತು ಇರುತ್ತದೆ. ತುದಿ ಕೊಳೆ ಶಿಲೀಂಧ್ರದಿಂದ ಬರುವ ರೋಗ ಅಲ್ಲ, ಪಕ್ಕದ ಗಿಡಕ್ಕೆ ಅಂಟುವುದೂ ಇಲ್ಲ. ಹಾಗಾಗಿ ಔಷಧಿ ಹೊಡೆಯುವುದು ದುಡ್ಡು ದಂಡ.

ಮಣ್ಣಲ್ಲಿ ಇದೆ, ಕಾಯಿಗೆ ಬರ್ತಿಲ್ಲ

ಪಕ್ಕದ ಮನೆಯ ಕಾಕು ನೋಡಿದ ಕೂಡಲೇ "ಅಂಡ್ಯಾಚಿ ಟರಫಲಂ ಟಾಕ್" ಅಂದರು. ಮೊಟ್ಟೆ ಚಿಪ್ಪು ಹಾಕು ಅಂತ. ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಕಪ್ಪಾದ ಜಾಗದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದು ನಿಜ. ಆದರೆ ಅದೇ ಗಿಡದ ಎಲೆಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇರಬಹುದು. ಇದು ಹೇಗೆ ಅಂತ ತಿಳಿದರೆ ಅರ್ಧ ಪಾಠ ಮುಗಿದ ಹಾಗೆ.

ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಮೇಲೇರುತ್ತದೆ. ನೀರು ಎಲ್ಲಿಗೆ ಹೋಗುತ್ತದೋ ಅದೂ ಅಲ್ಲಿಗೆ. ಎಲೆಗಳು ದಿನವಿಡೀ ನೀರು ಆವಿ ಮಾಡುತ್ತಿರುತ್ತವೆ, ಅದಕ್ಕೆ ಎಳೆತ ಜಾಸ್ತಿ. ಕಾಯಿಯ ಸಿಪ್ಪೆ ನುಣುಪು, ಅದರಿಂದ ಆವಿಯಾಗುವುದು ತೀರಾ ಕಡಿಮೆ. ಅದರಲ್ಲೂ ಕಾಯಿಯ ತುದಿಗೆ ಹೋಗುವ ನೀರಿನ ನಾಳಗಳೇ ಕಡಿಮೆ. ಒಮ್ಮೆ ಎಲೆಗೆ ಸೇರಿದ ಕ್ಯಾಲ್ಸಿಯಂ ವಾಪಸ್ ಕಾಯಿಗೆ ಬರುವುದೂ ಇಲ್ಲ. ಎಲೆಗೆ ಕ್ಯಾಲ್ಸಿಯಂ ಸಿಂಪಡಿಸಿದರೆ ಕಾಯಿಗೆ ಅಷ್ಟಾಗಿ ಉಪಯೋಗವಾಗದಿರುವುದು ಇದಕ್ಕೇ.

ಹಾಗಾದರೆ ಕಾಯಿಗೆ ಯಾವಾಗ ಸಿಗುತ್ತೆ? ರಾತ್ರಿ ಎಲೆಗಳು ಸುಮ್ಮನಾದಾಗ ಬೇರು ಒತ್ತಡ ಹಾಕಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆಗ ಕಾಯಿಯ ತುದಿಗೂ ಒಂದು ಪಾಲು ಬರುತ್ತದೆ. ಬೆಳಿಗ್ಗೆ ಟೊಮೆಟೊ ಎಲೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಹನಿ ಕಂಡರೆ, ರಾತ್ರಿ ಬೇರು ಈ ಕೆಲಸ ಮಾಡಿದೆ ಅಂತ ಅರ್ಥ. ಸಂಜೆಯೇ ಬ್ಯಾಗ್ ಒಣಗಿದ್ದರೆ ತಳ್ಳುವುದಕ್ಕೆ ನೀರೆಲ್ಲಿ?

ತೂಕ ಹೇಳಿದ್ದು

ನಾನು ದಿನಾ ಬೆಳಿಗ್ಗೆ ಏಳಕ್ಕೆ ತಪ್ಪದೆ ನೀರು ಹಾಕುತ್ತಿದ್ದೆ. ಸಾಕು ಅಂದುಕೊಂಡಿದ್ದೆ. ಆಮೇಲೆ ಪ್ರಯಾಣದ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ತಂದು ಒಂದು ಗ್ರೋ ಬ್ಯಾಗಿಗೆ ಸಿಕ್ಕಿಸಿದೆ. ಬೆಳಿಗ್ಗೆ ನೀರು ಹಾಕಿ, ಕೆಳಗೆ ಸೋರುವುದು ನಿಂತ ಮೇಲೆ 9.1 ಕೆಜಿ. ಸಂಜೆ ಐದಕ್ಕೆ 7.4 ಕೆಜಿ. ಒಂದು ಲೀಟರ್ ನೀರೆಂದರೆ ಒಂದು ಕೆಜಿ, ಅಲ್ವಾ? ಹತ್ತು ತಾಸಿನಲ್ಲಿ 1.7 ಲೀಟರ್ ಹೋಗಿದೆ.

ಈಗ ಬ್ಯಾಗಿನ ಲೆಕ್ಕ. 9 ಇಂಚಿನ ಬ್ಯಾಗಿಗೆ 8 ಇಂಚು ಎತ್ತರ ತುಂಬಿದರೆ ಸುಮಾರು 8 ಲೀಟರ್ ಮಿಶ್ರಣ ಹಿಡಿಯುತ್ತದೆ. ಮಣ್ಣು, ಕೋಕೋಪೀಟ್, ಗೊಬ್ಬರದ ಮಿಶ್ರಣದಲ್ಲಿ ಬೇರು ಸುಲಭವಾಗಿ ಹೀರುವ ನೀರು ಹೆಚ್ಚುಕಡಿಮೆ ಕಾಲು ಭಾಗ, ಅಂದರೆ 2 ಲೀಟರ್. ಅದರಲ್ಲಿ 1.7 ಸಂಜೆಗೇ ಖಾಲಿ. ರಾತ್ರಿಯಿಡೀ ಬೇರು ಉಳಿದ ತೇವವನ್ನು ಕೆದಕುತ್ತಾ ಕೂತಿರುತ್ತದೆ. ಅದೇ 12 ಇಂಚಿನ ಬ್ಯಾಗನ್ನು 10 ಇಂಚು ತುಂಬಿದರೆ 18 ಲೀಟರ್ ಮಿಶ್ರಣ, ನಾಲ್ಕೂವರೆ ಲೀಟರ್ ನೀರು. ಮೂರು ಇಂಚು ದೊಡ್ಡ ಬ್ಯಾಗು, ಎರಡು ಪಟ್ಟಿಗಿಂತ ಜಾಸ್ತಿ ನೀರು!

ಇನ್ನೊಂದು ವಿಷಯ ನನ್ನ ಡೈರಿ ನೋಡಿದಾಗ ಹೊಳೆಯಿತು. ಕಲೆ ಕಂಡ ದಿನ ಹಾಳಾದ ದಿನ ಅಲ್ಲ. ಹೂವು ಕಾಯಿಯಾಗಿ ಸರಸರ ಹಿಗ್ಗುವ ಮೊದಲ ಎರಡು ವಾರದಲ್ಲೇ ಕೆಡುಕು ಶುರುವಾಗಿರುತ್ತದೆ, ಕಣ್ಣಿಗೆ ಬೀಳುವುದು ಆಮೇಲೆ. ಫೆಬ್ರವರಿ 26ರಿಂದ ನಾಲ್ಕು ದಿನ ನಾನು ಧಾರವಾಡಕ್ಕೆ ಮದುವೆಗೆ ಹೋಗಿದ್ದೆ. ಕೆಳಮನೆಯ ಹುಡುಗ ಎರಡು ಸಲ ನೀರು ಹಾಕಿದ್ದನಂತೆ. ಕಾಯಿಗಳು ಆಗ ಕಡಲೆಕಾಳಿನಷ್ಟಿದ್ದವು.

ಮೊಟ್ಟೆ ಚಿಪ್ಪಿಗೆ ಒಳ್ಳೆ ಹೆಸರು ಬಂದಿರುವ ಗುಟ್ಟೂ ಇಲ್ಲೇ ಇದೆ. ತುದಿ ಕೊಳೆ ಜಾಸ್ತಿ ಬರುವುದು ಮೊದಲ ಗೊಂಚಲಿಗೆ. ಬೇರು ಬಲಿತ ಮೇಲೆ, ನಾವೂ ಗಾಬರಿಯಲ್ಲಿ ನೀರಿನ ಕಡೆ ಗಮನ ಕೊಟ್ಟ ಮೇಲೆ, ಮುಂದಿನ ಗೊಂಚಲು ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ. ಆ ನಡುವೆ ಚಿಪ್ಪು ಹಾಕಿದವರು ಚಿಪ್ಪಿಗೆ ಕೈಮುಗಿಯುತ್ತಾರೆ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಮಣ್ಣಲ್ಲಾದರೆ ನಿಧಾನವಾಗಿ ಕರಗುತ್ತದೆ. ಪುಣೆ ಸುತ್ತಿನ ಕಪ್ಪು ಮಣ್ಣು ಸಾಮಾನ್ಯವಾಗಿ ಕ್ಷಾರದ ಕಡೆಗೇ ಇರುತ್ತದೆ, ಎಷ್ಟೋ ಕಡೆ ಸುಣ್ಣದ ಹರಳೂ ಸಿಗುತ್ತದೆ. ಅಂಥ ಮಣ್ಣಿನಲ್ಲಿ ಚಿಪ್ಪು ಚಿಪ್ಪಾಗಿಯೇ ಉಳಿಯುತ್ತದೆ. ಎಪ್ಸಮ್ ಸಾಲ್ಟ್ ಅಂತೂ ಬೇಡವೇ ಬೇಡ. ಅದರಲ್ಲಿರುವುದು ಮೆಗ್ನೀಸಿಯಂ, ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂಗೇ ಪೈಪೋಟಿ ಕೊಡುತ್ತದೆ. ಯೂರಿಯಾ ಜಾಸ್ತಿ ಆದರೂ ತೊಂದರೆಯೇ.

ನಾನು ಮಾಡಿದ್ದು

ಕಾಯಿ ಬಿಟ್ಟ ಗಿಡವನ್ನು ಕಿತ್ತು ದೊಡ್ಡ ಬ್ಯಾಗಿಗೆ ಹಾಕಲು ಹೋಗಲಿಲ್ಲ, ಬೇರು ಹರಿದರೆ ಕೊಳೆ ಇನ್ನೂ ಹೆಚ್ಚುತ್ತದೆ. ಬೆಳಿಗ್ಗೆ ತಳದಿಂದ ಸ್ವಲ್ಪ ಸೋರುವವರೆಗೆ ನೀರು. ಸಂಜೆ ಆರಕ್ಕೆ ಮತ್ತೆ ಒಂದೂವರೆ ಲೀಟರ್, ಎರಡು ಕಂತಿನಲ್ಲಿ. ಮೇಲೆ ಎರಡು ಇಂಚು ಒಣ ಎಲೆ ಹೊದಿಕೆ. ಬ್ಯಾಗಿನ ಕಪ್ಪು ಮೈಗೆ ಬಿಸಿಲು ಬೀಳದಂತೆ ಹಳೆ ಗೋಣಿಚೀಲ ಸುತ್ತಿದೆ. ಇಲ್ಲಿಯ ಏಪ್ರಿಲ್ ಮಧ್ಯಾಹ್ನ ಒಣ ಬಿಸಿಲು, ಕಪ್ಪು ಚೀಲ ಮುಟ್ಟಿದರೆ ಕೈ ಸುಡುತ್ತದೆ. ಮೂರನೇ ಗೊಂಚಲಿನಿಂದ ಕಾಯಿ ಶುದ್ಧವಾಗಿ ಬಂತು. ಆಗಲೇ ಕಪ್ಪಾಗಿದ್ದವು ಮಾತ್ರ ಗುಣವಾಗಲಿಲ್ಲ, ಆಗುವುದೂ ಇಲ್ಲ. ಅವನ್ನು ಕಿತ್ತುಬಿಡಿ. ಒಳಗೆ ಬೂಸ್ಟು ಇಲ್ಲದಿದ್ದರೆ ಕಪ್ಪು ಭಾಗ ಕೊಯ್ದು ಉಳಿದದ್ದನ್ನು ಸಾರಿಗೆ ಹಾಕಬಹುದು.

ನೀರು ಎರಡು ಹೊತ್ತು ಹಾಕಿದರೂ ಕೊಳೆ ನಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಪಿಂಪ್ರಿಯ ಗೆಳತಿಗೆ ಹಾಗೇ ಆಯಿತು. "ಅಕ್ಕಾ, ನೀವು ಹೇಳಿದ ಹಾಗೇ ಹಾಕ್ತಿದೀನಿ" ಅಂದಳು. ಹೋಗಿ ನೋಡಿದರೆ ಬ್ಯಾಗಿನ ಅಂಚಿಗೆ ಬಿಳಿ ಪುಡಿ ಕಟ್ಟಿದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಾಕುತ್ತಿದ್ದಳು. ಆ ನೀರಿನಲ್ಲಿ ಉಪ್ಪು ಸೇರಿಕೊಂಡಿರುತ್ತದೆ. ಮಣ್ಣು ಒದ್ದೆ ಇದ್ದರೂ ಬೇರು ಹೀರಲಾರದು. ಬ್ಯಾಗಿಗೆ ನಲ್ಲಿಯ ನೀರು 8 ಲೀಟರ್ ನಿಧಾನವಾಗಿ ಹಾಯಿಸಿ ಉಪ್ಪು ತೊಳೆದೆವು. ತಳದ ತೂತು ಮುಚ್ಚಿ ನೀರು ನಿಂತರೂ ಇದೇ ಕಥೆ, ಬೇರು ಉಸಿರುಕಟ್ಟಿ ಸಾಯುತ್ತದೆ.

ಕ್ಯಾಲ್ಸಿಯಂ ನಿಜವಾಗಿ ಬೇಕಾಗುವ ಸಂದರ್ಭವೂ ಇದೆ. ಮಣ್ಣೇ ಇಲ್ಲದೆ ಬರೀ ಕೋಕೋಪೀಟ್ ತುಂಬಿ, ಆರ್‌ಓ ಶುದ್ಧ ನೀರು ಅಥವಾ ಮಳೆ ನೀರು ಹಾಕುವವರಿಗೆ. ಕೋಕೋಪೀಟ್ ಬಂದ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಅಂಥವರು ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ವಾರಕ್ಕೊಮ್ಮೆ ಬುಡಕ್ಕೆ ಹಾಕಬಹುದು. ಅದನ್ನು ಬೇರೆ ಗೊಬ್ಬರದ ಜೊತೆ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ. ಫಾಸ್ಫೇಟ್, ಸಲ್ಫೇಟ್ ಇದ್ದರೆ ನೀರು ಹಾಲಿನಂತಾಗಿ, ಕ್ಯಾಲ್ಸಿಯಂ ತಳದಲ್ಲಿ ಗಸಿಯಾಗಿ ಕೂರುತ್ತದೆ.